ಕನ್ನಡ ಮೊದಲ ಭಾಷೆಯಾದ ವೃತ್ತಿಪರರ ಇಂಗ್ಲಿಷ್ ಬರಹ: ಆರ್ಟಿಕಲ್ ದೋಷ ಮತ್ತು ಹುಸಿಮಿತ್ರ ಪದಗಳ ತಿದ್ದುಪಡಿ

ಕನ್ನಡವನ್ನು ಮೊದಲ ಭಾಷೆಯಾಗಿ ಕಲಿತು, ವೃತ್ತಿಯ ಕಾಗದಪತ್ರಗಳನ್ನು ಇಂಗ್ಲಿಷಿನಲ್ಲಿ ಬರೆಯುವವರ ಬರಹದಲ್ಲಿ ಎರಡು ಬಗೆಯ ದೋಷಗಳನ್ನು ಹುಡುಕಿ ಸರಿಪಡಿಸುವ ಸಂಪಾದನಾ ಕೆಲಸ ಇದು. ಮೊದಲನೆಯದು ಎ, ಆ್ಯನ್, ದ ಎಂಬ ಆರ್ಟಿಕಲ್‌ಗಳನ್ನು ಬಿಡುವುದು ಅಥವಾ ಬೇಡದ ಕಡೆ ಸೇರಿಸುವುದು. ಎರಡನೆಯದು ಕನ್ನಡದೊಳಗೆ ಬೇರೆ ಅರ್ಥ ಪಡೆದ ಇಂಗ್ಲಿಷ್ ಪದವನ್ನು ಆ ಕನ್ನಡ ಅರ್ಥದಲ್ಲೇ ಇಂಗ್ಲಿಷಿಗೆ ಮರಳಿ ಒಯ್ಯುವುದು. ಇಂಥ ಪದಕ್ಕೆ ಈ ಲೇಖನದಲ್ಲಿ ‘ಹುಸಿಮಿತ್ರ ಪದ’ ಎಂಬ ಹೆಸರನ್ನು ಬಳಸಲಾಗಿದೆ. ಬರೆದವರಿಗೆ ಅದು ಪರಿಚಿತವೆನಿಸುತ್ತದೆ, ಓದುವವರಿಗೂ ಪರಿಚಿತವೆನಿಸುತ್ತದೆ, ಆದರೆ ಇಬ್ಬರ ಮನಸ್ಸಿನಲ್ಲಿರುವ ಅರ್ಥ ಒಂದೇ ಆಗಿರುವುದಿಲ್ಲ.

ಈ ದೋಷಗಳು ಕರ್ನಾಟಕದ ಯಾವ ಊರಿನ ಬರಹದಲ್ಲೂ ಕಾಣುವಂಥವು. ಹುಬ್ಬಳ್ಳಿಯ ವಿದ್ಯಾನಗರದಂಥ ಬಡಾವಣೆಯಲ್ಲಿ ಇವುಗಳ ಹಲವು ಮುಖಗಳು ಒಂದೇ ರಸ್ತೆಯುದ್ದಕ್ಕೂ ಸಿಗುತ್ತವೆ. ಹುಬ್ಬಳ್ಳಿ–ಧಾರವಾಡ ರಸ್ತೆಯ ಆಸುಪಾಸಿನಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜು ಮತ್ತು ಅದರ ಆಸ್ಪತ್ರೆ, ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ, ಪಿ.ಸಿ. ಜಾಬಿನ್ ವಿಜ್ಞಾನ ಕಾಲೇಜು, ಗುರುಸಿದ್ದಪ್ಪ ಕೊತಂಬ್ರಿ ಕಾನೂನು ಕಾಲೇಜು ಇವೆ. ರೋಗಿಯೊಂದಿಗೆ, ಕಕ್ಷಿದಾರನೊಂದಿಗೆ, ಸೈಟಿನ ಮೇಸ್ತ್ರಿಯೊಂದಿಗೆ ನಡೆಯುವ ಮಾತು ಧಾರವಾಡ ಕಡೆಯ ಕನ್ನಡದಲ್ಲಿ. ಅದೇ ದಿನ ಬರೆಯಬೇಕಾದ ಡಿಸ್ಚಾರ್ಜ್ ಸಮರಿ, ಅಭಿಪ್ರಾಯ ಪತ್ರ, ಪ್ರಾಜೆಕ್ಟ್ ವರದಿ ಇಂಗ್ಲಿಷಿನಲ್ಲಿ. ಮಾತಿನಿಂದ ಕಾಗದಕ್ಕೆ ದಾಟುವ ಈ ಹೊತ್ತಿನಲ್ಲೇ ಎರಡೂ ದೋಷಗಳು ಹುಟ್ಟುತ್ತವೆ.

ಹಿನ್ನೆಲೆ

ಬಾಸೆಲ್ ಮಿಶನ್ 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂತು. ಆಗ ಈ ಭಾಗ ಬೊಂಬಾಯಿ ಪ್ರಾಂತದಲ್ಲಿತ್ತು. ಕಚೇರಿ, ಕೋರ್ಟು, ಶಾಲೆ, ಆಮೇಲೆ ರೈಲ್ವೆ ಇವುಗಳ ಮೂಲಕ ಇಂಗ್ಲಿಷ್ ಪದಗಳು ಜನರ ಮಾತಿಗೆ ಬಂದವು. ಅವು ಬಂದದ್ದು ಪುಸ್ತಕದಿಂದಲ್ಲ, ಕಿವಿಯಿಂದ. ಹಾಗಾಗಿ ಕನ್ನಡದಲ್ಲಿ ಆಗಲೇ ಇದ್ದ ಅರ್ಥದ ಚೌಕಟ್ಟಿನೊಳಗೆ ಅವು ಕೂತವು. ‘ಹೋಟೆಲ್’ ಊಟ ತಿಂಡಿಯ ಜಾಗವಾಯಿತು, ‘ಕರೆಂಟ್’ ಮನೆಗೆ ಬರುವ ವಿದ್ಯುತ್ತಾಯಿತು, ‘ಸೈಟ್’ ಮನೆ ಕಟ್ಟುವ ನಿವೇಶನವಾಯಿತು, ‘ಬ್ಯಾಲೆನ್ಸ್’ ಉಳಿದ ಬಾಕಿಯಾಯಿತು. ಇವೆಲ್ಲ ಕನ್ನಡದಲ್ಲಿ ಒಳ್ಳೆಯ ಪದಗಳೇ, ಕನ್ನಡದೊಳಗೆ ಇವುಗಳಿಂದ ಯಾವ ಗೊಂದಲವೂ ಇಲ್ಲ.

ಉನ್ನತ ಶಿಕ್ಷಣ ನಂತರ ಬಂತು. ಧಾರವಾಡದ ಕರ್ನಾಟಕ ಕಾಲೇಜು 1917ರಲ್ಲಿ, ಹುಬ್ಬಳ್ಳಿಯ ಬಿ.ವಿ. ಭೂಮರೆಡ್ಡಿ ಎಂಜಿನಿಯರಿಂಗ್ ಕಾಲೇಜು 1947ರಲ್ಲಿ, ಮೆಡಿಕಲ್ ಕಾಲೇಜು 1957ರಲ್ಲಿ ಆರಂಭವಾದವು. ಎಂಜಿನಿಯರಿಂಗ್ ಕಾಲೇಜು 2015ರಲ್ಲಿ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಯಿತು. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ ಬಂದವರು ಈ ಸಂಸ್ಥೆಗಳಲ್ಲಿ ವಿಷಯವನ್ನು ಇಂಗ್ಲಿಷಿನಲ್ಲೇ ಕಲಿತರು. ಅವರ ತಾಂತ್ರಿಕ ಪದಸಂಪತ್ತು ಪಠ್ಯಪುಸ್ತಕದ್ದು, ನಿತ್ಯದ ಪದಸಂಪತ್ತು ಊರಿನದು. ಹುಸಿಮಿತ್ರ ಪದಗಳು ಎರಡನೆಯ ಗುಂಪಿನಿಂದ ಬರುತ್ತವೆ. ಆದ್ದರಿಂದಲೇ ಒಂದೇ ವರದಿಯಲ್ಲಿ ಕಷ್ಟದ ವೈದ್ಯಕೀಯ ಪದ ಸರಿಯಾಗಿದ್ದು, ಸುಲಭದ ‘ಡೌಟ್’ ತಪ್ಪಾಗಿರುತ್ತದೆ.

ಎರಡು ಭಾಷೆಗಳ ನಡುವಿನ ಇಂಥ ಪದಗಳನ್ನು ಅಧ್ಯಯನದ ವಿಷಯವಾಗಿಸಿದವರು ಫ್ರಾನ್ಸಿನ ಕೆಸ್ಲರ್ ಮತ್ತು ದೆರೊಕಿನ್ಯಿ. ‘ಹುಸಿ ಮಿತ್ರರು’ ಎಂಬ ಅರ್ಥದ ಹೆಸರಿನಲ್ಲಿ ಅವರ ಪುಸ್ತಕ 1928ರಲ್ಲಿ ಪ್ರಕಟವಾಯಿತು. ಅವರು ನೋಡಿದ್ದು ಫ್ರೆಂಚ್–ಇಂಗ್ಲಿಷ್ ಜೋಡಿಗಳನ್ನು, ಅಂದರೆ ಲ್ಯಾಟಿನ್ ಬೇರಿನಿಂದ ಬಂದು ಬೇರೆಬೇರೆ ದಾರಿ ಹಿಡಿದ ಪದಗಳನ್ನು. ಕನ್ನಡದ ಸ್ಥಿತಿ ಹಾಗಲ್ಲ. ಇಲ್ಲಿ ಪದ ಇಂಗ್ಲಿಷಿನಿಂದಲೇ ಬಂದು, ಅರ್ಥ ಬದಲಿಸಿಕೊಂಡು, ಮತ್ತೆ ಇಂಗ್ಲಿಷಿಗೇ ಹೋಗುತ್ತದೆ.

ಆರ್ಟಿಕಲ್ ಇಲ್ಲದ ಭಾಷೆ ನಿರ್ದಿಷ್ಟತೆಯನ್ನು ತೋರುವ ಬಗೆ

ಕನ್ನಡದಲ್ಲಿ ‘ದ’ಗೆ ಸಮನಾದ ಪದವಿಲ್ಲ. ಹಾಗೆಂದು ಯಾವುದು ಗೊತ್ತಿರುವ ವಸ್ತು, ಯಾವುದು ಹೊಸದು ಎಂದು ತೋರಿಸುವ ಶಕ್ತಿ ಕನ್ನಡಕ್ಕಿಲ್ಲ ಎಂದು ತಿಳಿಯುವುದು ತಪ್ಪು. ಆ ಕೆಲಸ ಬೇರೆ ಕಡೆ ನಡೆಯುತ್ತದೆ. ‘ಬಾಗಿಲಲ್ಲಿ ನಾಯಿ ನಿಂತಿದೆ’ ಎಂದರೆ ಯಾವುದೋ ನಾಯಿ. ‘ನಾಯಿ ಬಾಗಿಲಲ್ಲಿ ನಿಂತಿದೆ’ ಎಂದರೆ ನಮಗೆ ಗೊತ್ತಿರುವ ನಾಯಿ. ಎರಡು ವಾಕ್ಯಗಳಲ್ಲೂ ಇರುವ ಪದಗಳು ಅವೇ, ಸ್ಥಾನ ಮಾತ್ರ ಬದಲಾಗಿದೆ. ಹೊಸ ವಸ್ತುವಿಗೆ ‘ಒಂದು’, ‘ಒಬ್ಬ’ ಬರಬಹುದು, ಗೊತ್ತಿರುವುದಕ್ಕೆ ‘ಆ’ ಬರಬಹುದು, ಆದರೆ ಎರಡೂ ಕಡ್ಡಾಯವಲ್ಲ.

ಮೂರನೆಯ ಸಾಧನ ದ್ವಿತೀಯಾ ವಿಭಕ್ತಿ. ‘ಪುಸ್ತಕ ಓದಿದೆ’ ಎಂದಾಗ ಓದುವ ಕೆಲಸ ಮುಖ್ಯ, ಯಾವ ಪುಸ್ತಕವೆಂಬುದು ಮುಖ್ಯವಲ್ಲ. ‘ಪುಸ್ತಕವನ್ನು ಓದಿದೆ’ ಎಂದಾಗ ಹೇಳುವವನ ಮನಸ್ಸಿನಲ್ಲಿ ಒಂದು ಖಚಿತ ಪುಸ್ತಕ ಇದೆ. ಜೆಫ್ರಿ ಲಿಡ್ಜ್ ಎಂಬ ಭಾಷಾವಿಜ್ಞಾನಿ 2006ರಲ್ಲಿ ‘ಲ್ಯಾಂಗ್ವೇಜ್’ ಪತ್ರಿಕೆಯ ಲೇಖನದಲ್ಲಿ ಕನ್ನಡದ ಈ ವಿಭಕ್ತಿಯನ್ನೇ ಪರಿಶೀಲಿಸಿದರು. ಪ್ರತ್ಯಯ ಹಚ್ಚುವುದು ಬಿಡುವುದು ಐಚ್ಛಿಕವಾದ ಕಡೆ ಅದು ಅರ್ಥದ ಕೆಲಸ ಮಾಡುತ್ತದೆ. ಕಡ್ಡಾಯವಾದ ಕಡೆ, ಉದಾಹರಣೆಗೆ ‘ಡಾಕ್ಟರನ್ನು ಕಂಡೆ’ ಎಂಬಂತೆ ಮನುಷ್ಯರ ವಿಷಯದಲ್ಲಿ, ಅದರಿಂದ ಅರ್ಥದ ಸುಳಿವು ಸಿಗುವುದಿಲ್ಲ.

ಆರ್ಟಿಕಲ್ ದೋಷದ ಬಹುಭಾಗ ಇಲ್ಲಿಂದಲೇ ಹುಟ್ಟುವುದರಿಂದ ಒಂದು ಸೂಕ್ಷ್ಮವನ್ನು ಬಿಡಿಸಿ ಹೇಳಬೇಕು. ಕನ್ನಡದ ‘ಅನ್ನು’ ಕೇಳುವ ಪ್ರಶ್ನೆ ‘ಹೇಳುವವನಿಗೆ ಯಾವುದೆಂದು ಗೊತ್ತೇ?’ ಎಂಬುದು. ಇಂಗ್ಲಿಷಿನ ‘ದ’ ಕೇಳುವ ಪ್ರಶ್ನೆ ‘ಓದುವವನಿಗೆ ಯಾವುದೆಂದು ಗೊತ್ತೇ?’ ಎಂಬುದು. ರೋಗಿಯನ್ನು ಕಣ್ಣಾರೆ ನೋಡಿದ ವೈದ್ಯರಿಗೆ ಅವನು ಬಿದ್ದ ಬೈಕು ಖಚಿತವಾಗಿ ಗೊತ್ತು. ಹಾಗಾಗಿ ಮೊದಲ ವಾಕ್ಯದಲ್ಲೇ ‘ಫೆಲ್ ಫ್ರಮ್ ದ ಬೈಕ್’ ಎಂದು ಬರೆಯುತ್ತಾರೆ. ಓದುವವರಿಗೆ ಆ ಬೈಕಿನ ಸುದ್ದಿ ಇನ್ನೂ ಗೊತ್ತಿಲ್ಲ, ಅಲ್ಲಿ ಬೇಕಾದದ್ದು ‘ಎ ಬೈಕ್’. ಅಯೋನಿನ್, ಕೋ ಮತ್ತು ವೆಕ್ಸ್‌ಲರ್ 2004ರಲ್ಲಿ ರಷ್ಯನ್ ಹಾಗೂ ಕೊರಿಯನ್ ಮಾತನಾಡುವವರ ಇಂಗ್ಲಿಷನ್ನು ನೋಡಿ, ಆರ್ಟಿಕಲ್ ಇಲ್ಲದ ಭಾಷೆಯಿಂದ ಬಂದವರು ಈ ಎರಡು ಪ್ರಶ್ನೆಗಳ ನಡುವೆ ತೂಗಾಡುತ್ತಾರೆ ಎಂದು ವಿವರಿಸಿದರು. ಕನ್ನಡಿಗರ ಬರಹದ ‘ದ’ ದೋಷಗಳಿಗೂ ಈ ವಿವರಣೆ ಚೆನ್ನಾಗಿ ಒಪ್ಪುತ್ತದೆ. ಅವು ಅಜಾಗರೂಕತೆಯಿಂದ ಆಗುವ ತಪ್ಪುಗಳಲ್ಲ. ಒಂದು ಪ್ರಶ್ನೆಗೆ ಸರಿಯಾದ ಉತ್ತರವನ್ನು ಇನ್ನೊಂದು ಪ್ರಶ್ನೆಯ ಜಾಗದಲ್ಲಿ ಬರೆದುದರ ಫಲ.

ಆರ್ಟಿಕಲ್ ದೋಷದ ಬಗೆಗಳು

ಹೆಚ್ಚಾಗಿ ಕಾಣುವುದು ಲೋಪ. ಎಣಿಸಬಹುದಾದ ಏಕವಚನದ ನಾಮಪದವನ್ನು ಇಂಗ್ಲಿಷಿನಲ್ಲಿ ಬರಿದಾಗಿ ನಿಲ್ಲಿಸುವಂತಿಲ್ಲ. ಅದಕ್ಕೆ ಮೊದಲು ಆರ್ಟಿಕಲ್ಲೋ, ‘ಹಿಸ್’, ‘ದಿಸ್’, ‘ಈಚ್’ ಮುಂತಾದ ಪದವೋ ಇರಲೇಬೇಕು. ‘ವಿ ಇನ್‌ಸ್ಟಾಲ್ಡ್ ಪಂಪ್’ ಎಂಬಲ್ಲಿ ತಪ್ಪಿರುವುದು ಈ ನಿಯಮ. ‘ಫಾಲೋಯಿಂಗ್’, ‘ಸೇಮ್’, ‘ಮೆಜಾರಿಟಿ ಆಫ್’ ಇವುಗಳಿಗೆ ಮೊದಲು ‘ದ’ ಬಿಡುವುದೂ ಸಾಮಾನ್ಯ, ಏಕೆಂದರೆ ‘ಈ ಕೆಳಗಿನ’, ‘ಅದೇ’, ‘ಹೆಚ್ಚಿನ’ ಎಂಬ ಕನ್ನಡ ಪದಗಳು ಆ ಅರ್ಥವನ್ನು ತಮ್ಮೊಳಗೇ ಇಟ್ಟುಕೊಂಡಿವೆ.

ಬೇಡದ ಕಡೆ ಸೇರಿಸುವುದು ಲೋಪಕ್ಕೆ ಎದುರು ದೋಷ. ಆರ್ಟಿಕಲ್ ಬಿಡುತ್ತೇವೆಂಬ ಎಚ್ಚರ ಬಂದವರಲ್ಲಿ ಇದು ಹೆಚ್ಚು. ‘ದ ಕರ್ನಾಟಕ’, ‘ದ ಉಣಕಲ್ ಲೇಕ್’, ‘ದ ಸೊಸೈಟಿ’ ಎಂಬಂಥವು ಕಾಣುತ್ತವೆ. ಹೆಸರುಗಳಲ್ಲಿ ನಿಯಮ ಬಳಕೆಯನ್ನು ಅನುಸರಿಸುತ್ತದೆ. ಕೆರೆಯ ಹೆಸರಿಗೆ ‘ದ’ ಬೇಡ, ನದಿಯ ಹೆಸರಿಗೆ ಬೇಕು, ಹಾಗಾಗಿ ‘ಉಣಕಲ್ ಲೇಕ್’ ಆದರೆ ‘ದ ಮಲಪ್ರಭಾ’. ಕರ್ನಾಟಕ ವಿಶ್ವವಿದ್ಯಾಲಯದ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ‘ದ’ ಬೇಡ. ‘ಹೈಕೋರ್ಟ್ ಆಫ್ ಕರ್ನಾಟಕ’ ಎಂಬ ರಚನೆಯಲ್ಲಿ ‘ಆಫ್’ ಬಂದಿರುವುದರಿಂದ ‘ದ’ ಬೇಕು.

ಎ ಮತ್ತು ಆ್ಯನ್ ಅದಲುಬದಲಾಗುವುದಕ್ಕೆ ಕನ್ನಡದ ಉಚ್ಚಾರಣೆಯೇ ಕಾರಣ. ಮಾತಿನಲ್ಲಿ ಪದದ ಆರಂಭದ ಎ, ಏ ಸ್ವರಗಳಿಗೆ ಯಕಾರದ ಛಾಯೆಯೂ ಒ, ಓ ಸ್ವರಗಳಿಗೆ ವಕಾರದ ಛಾಯೆಯೂ ಅಂಟುತ್ತದೆ. ‘ಎಂಬಿಬಿಎಸ್’ ಎಂಬುದು ನಾಲಿಗೆಯಲ್ಲಿ ‘ಯೆಂಬಿಬಿಎಸ್’ ಆಗುವುದರಿಂದ, ಬರೆಯುವವರಿಗೆ ಅದು ವ್ಯಂಜನದಿಂದ ಆರಂಭವಾದಂತೆ ಕೇಳಿಸಿ ‘ಎ ಎಂಬಿಬಿಎಸ್ ಡಾಕ್ಟರ್’ ಎಂದಾಗುತ್ತದೆ. ಬೇಕಾದದ್ದು ‘ಆ್ಯನ್’. ‘ಒನ್-ಟೈಮ್ ಪೇಮೆಂಟ್’ನಲ್ಲಿ ಇದಕ್ಕೆ ವಿರುದ್ಧ. ಇಂಗ್ಲಿಷಿನಲ್ಲಿ ಆ ಪದ ವಕಾರದ ಧ್ವನಿಯಿಂದ ಶುರುವಾಗುತ್ತದೆ. ಕಣ್ಣಿಗೆ ಸ್ವರಾಕ್ಷರ ಕಂಡದ್ದರಿಂದ ‘ಆ್ಯನ್ ಒನ್-ಟೈಮ್’ ಎಂದು ಬರೆಯುತ್ತಾರೆ, ಸರಿ ರೂಪ ‘ಎ ಒನ್-ಟೈಮ್’. ‘ಯುನಿವರ್ಸಿಟಿ’, ‘ಯುಪಿಎಸ್’ ಇವುಗಳಿಗೂ ‘ಎ’ ಬೇಕು. ‘ಎಫ್‌ಐಆರ್’, ‘ಎಲ್‌ಎಲ್‌ಬಿ’, ‘ಎನ್‌ಜಿಒ’ ಇವುಗಳಿಗೆ ‘ಆ್ಯನ್’.

ಅರ್ಥವನ್ನೇ ತಿರುಗಿಸುವ ದೋಷ ‘ಫ್ಯೂ’ ಮತ್ತು ‘ಲಿಟಲ್’ ಪದಗಳದ್ದು. ಉಳಿದ ಲೋಪಗಳು ಓದನ್ನು ಒರಟಾಗಿಸುತ್ತವೆ ಅಷ್ಟೇ, ಇದು ಓದುಗನನ್ನು ದಾರಿ ತಪ್ಪಿಸುತ್ತದೆ. ‘ಕೆಲವು ರೋಗಿಗಳು ಚೇತರಿಸಿಕೊಂಡರು’ ಎಂಬುದನ್ನು ‘ಫ್ಯೂ ಪೇಷಂಟ್ಸ್ ಇಂಪ್ರೂವ್ಡ್’ ಎಂದು ಬರೆದರೆ, ಓದುವವರು ‘ಚೇತರಿಸಿಕೊಂಡವರು ಬಹಳ ಕಡಿಮೆ, ಹೆಚ್ಚುಕಡಿಮೆ ಯಾರೂ ಇಲ್ಲ’ ಎಂದು ತಿಳಿಯುತ್ತಾರೆ. ‘ಎ ಫ್ಯೂ’ ಎಂದಿದ್ದರೆ ಮಾತ್ರ ಅದು ‘ಕೆಲವರು’. ‘ಸ್ವಲ್ಪ ಸುಧಾರಣೆ ಇದೆ’ ಎಂಬುದೂ ಹಾಗೆಯೇ. ‘ಲಿಟಲ್ ಇಂಪ್ರೂವ್‌ಮೆಂಟ್’ ಎಂದರೆ ಸುಧಾರಣೆ ಇಲ್ಲವೆನ್ನುವಷ್ಟು ಕಡಿಮೆ, ‘ಎ ಲಿಟಲ್’ ಎಂದರೆ ಸ್ವಲ್ಪ ಇದೆ. ಕಾನೂನು ಬರಹದಲ್ಲಿ ಇದೇ ಜಾತಿಯ ಜೋಡಿ ‘ಇನ್ ಕೇಸ್ ಆಫ್’ ಮತ್ತು ‘ಇನ್ ದ ಕೇಸ್ ಆಫ್’. ಮೊದಲನೆಯದು ‘ಹಾಗೆ ಆದ ಪಕ್ಷದಲ್ಲಿ’, ಎರಡನೆಯದು ‘ಇವರ ವಿಷಯದಲ್ಲಿ’. ಕರಾರುಪತ್ರದಲ್ಲಿ ಈ ಒಂದು ‘ದ’ ತಪ್ಪಿದರೆ ಷರತ್ತು ವಿವರಣೆಯಾಗುತ್ತದೆ ಅಥವಾ ವಿವರಣೆ ಷರತ್ತಾಗುತ್ತದೆ.

ಹುಸಿಮಿತ್ರ ಪದಗಳು

ಇವುಗಳಲ್ಲಿ ಅಪಾಯದ ದೃಷ್ಟಿಯಿಂದ ಮೊದಲ ಸ್ಥಾನ ‘ಡೌಟ್’ ಪದದ್ದು. ಹುಬ್ಬಳ್ಳಿಯ ಮಾತಿನಲ್ಲಿ ‘ಡೆಂಗಿ ಅಂತ ಡೌಟ್ ಐತಿ’ ಎಂದರೆ ಡೆಂಗಿ ಇರಬಹುದೆಂಬ ಅನುಮಾನ. ಇಂಗ್ಲಿಷಿನಲ್ಲಿ ‘ವಿ ಡೌಟ್ ಡೆಂಗಿ’ ಎಂದು ಬರೆದರೆ, ಡೆಂಗಿ ಇರಲಾರದು ಎಂಬ ಅರ್ಥ ಬರುತ್ತದೆ. ಕನ್ನಡದ ‘ಅನುಮಾನ’, ‘ಸಂಶಯ’ ಎರಡೂ ದಿಕ್ಕಿಗೆ ಹೊರಳಬಲ್ಲವು: ಇದೆ ಎಂಬ ಶಂಕೆಗೂ ಸಲ್ಲುತ್ತವೆ, ಇದೆಯೋ ಇಲ್ಲವೋ ಎಂಬ ಅನಿಶ್ಚಯಕ್ಕೂ ಸಲ್ಲುತ್ತವೆ. ಇಂಗ್ಲಿಷ್ ಈ ಕೆಲಸವನ್ನು ಹಂಚಿಕೊಂಡಿದೆ. ಇದೆ ಎಂಬ ಶಂಕೆಗೆ ‘ಸಸ್ಪೆಕ್ಟ್’, ಇಲ್ಲವೆಂಬ ಶಂಕೆಗೆ ‘ಡೌಟ್’. ತರಗತಿಯಲ್ಲಿ ‘ಐ ಹ್ಯಾವ್ ಎ ಡೌಟ್’ ಎಂದು ಕೇಳುವ ವಿದ್ಯಾರ್ಥಿಗೆ ಇರುವುದು ಪ್ರಶ್ನೆ. ಅಲ್ಲಿ ಹಾನಿ ಕಡಿಮೆ. ಬೇರೆ ಆಸ್ಪತ್ರೆಗೆ ಕಳಿಸುವ ಪತ್ರದಲ್ಲಿ, ಯಂತ್ರದ ದೋಷ ವರದಿಯಲ್ಲಿ ಹಾನಿ ದೊಡ್ಡದು. ‘ವೈರಿಂಗ್ ಕೆಟ್ಟಿದೆ ಅಂತ ಡೌಟ್’ ಎಂಬುದನ್ನು ‘ವಿ ಡೌಟ್ ದಟ್ ದ ವೈರಿಂಗ್ ಈಸ್ ಫಾಲ್ಟಿ’ ಎಂದು ಬರೆದರೆ, ಹೊರದೇಶದ ತಯಾರಕರು ವೈರಿಂಗನ್ನು ಬಿಟ್ಟು ಬೇರೆ ಭಾಗವನ್ನು ಹುಡುಕುತ್ತಾರೆ.

ಆಸ್ಪತ್ರೆಯ ಬರಹದಲ್ಲಿ ಇನ್ನೆರಡು ಪದಗಳು ಗಮನಾರ್ಹ. ‘ಗ್ಯಾಸ್ಟ್ರಿಕ್’ ಕನ್ನಡದಲ್ಲಿ ಒಂದು ಕಾಯಿಲೆಯ ಹೆಸರು. ಎದೆಯುರಿ, ಹುಳಿತೇಗು, ಹೊಟ್ಟೆಯುಬ್ಬರ, ಮೇಲುಹೊಟ್ಟೆಯ ನೋವು ಎಲ್ಲವೂ ಅದರೊಳಗೆ ಬರುತ್ತವೆ. ಇಂಗ್ಲಿಷಿನಲ್ಲಿ ಅದು ‘ಜಠರಕ್ಕೆ ಸಂಬಂಧಿಸಿದ’ ಎಂಬ ವಿಶೇಷಣ ಮಾತ್ರ, ಅದರ ನಂತರ ಒಂದು ನಾಮಪದ ಬೇಕು. ‘ಬಿಪಿ ಇದೆ’ ಎಂದರೆ ಕನ್ನಡದಲ್ಲಿ ರಕ್ತದೊತ್ತಡ ಹೆಚ್ಚಿದೆ ಎಂದರ್ಥ. ಇಂಗ್ಲಿಷಿನಲ್ಲಿ ರಕ್ತದೊತ್ತಡ ಇಲ್ಲದ ಜೀವಂತ ಮನುಷ್ಯನಿಲ್ಲ, ಹೆಚ್ಚೋ ಕಡಿಮೆಯೋ ಎಂದು ಹೇಳಲೇಬೇಕು. ‘ಶುಗರ್ ಇದೆ’ ಎಂಬುದೂ ಇದೇ ಸಾಲಿನದು.

ಇನ್ನೊಂದು ಗುಂಪು ಕನ್ನಡ ಪ್ರತ್ಯಯ ಅಥವಾ ಅವ್ಯಯವನ್ನು ಒಂದೇ ಇಂಗ್ಲಿಷ್ ಪದಕ್ಕೆ ಕಟ್ಟಿಹಾಕುವುದರಿಂದ ಬರುತ್ತದೆ. ‘ಶುಕ್ರವಾರದೊಳಗೆ’ ಎಂಬುದು ‘ವಿಥಿನ್ ಫ್ರೈಡೇ’ ಆಗುತ್ತದೆ. ಕಾಲವನ್ನು ಹೇಳುವಾಗ ‘ವಿಥಿನ್’ ಅವಧಿಯ ಜೊತೆ ಬರುವ ಪದ, ದಿನದ ಹೆಸರಿನೊಂದಿಗೆ ಬೇಕಾದದ್ದು ‘ಬೈ’. ‘ಐದು ದಿನದಿಂದ ಜ್ವರ’ ಎಂಬಲ್ಲಿನ ‘ಇಂದ’ ಪ್ರತ್ಯಯ ‘ಸಿನ್ಸ್ ಫೈವ್ ಡೇಸ್’ ಆಗುತ್ತದೆ. ಅವಧಿಗೆ ‘ಫಾರ್’, ಆರಂಭದ ದಿನಕ್ಕೆ ‘ಸಿನ್ಸ್’. ‘ತುಂಬಾ’ ಎಂಬುದು ‘ಟೂ’ ಆದಾಗ ಹೊಗಳಿಕೆ ದೂರಾಗುತ್ತದೆ, ಏಕೆಂದರೆ ‘ಟೂ’ದಲ್ಲಿ ಬೇಕಾದುದಕ್ಕಿಂತ ಹೆಚ್ಚು ಎಂಬ ಭಾವವಿದೆ.

ಬಹುವಚನದ ದೋಷ ಆರ್ಟಿಕಲ್‌ಗೂ ಹುಸಿಮಿತ್ರಕ್ಕೂ ನಡುವಿನದು. ಮಾಹಿತಿಗಳು, ಸಲಹೆಗಳು, ಉಪಕರಣಗಳು, ಪುರಾವೆಗಳು, ತಂತ್ರಾಂಶಗಳು ಕನ್ನಡದಲ್ಲಿ ಸಹಜ. ಇವುಗಳ ಇಂಗ್ಲಿಷ್ ಜೋಡಿಗಳು ಎಣಿಕೆಗೆ ಸಿಗದ ನಾಮಪದಗಳು: ಅವಕ್ಕೆ ಬಹುವಚನವೂ ಇಲ್ಲ, ‘ಎ’ ಕೂಡ ಇಲ್ಲ. ಒಂದೇ ಬೇಕಾದರೆ ‘ಎ ಪೀಸ್ ಆಫ್’ ಎಂದು ಹೇಳಬೇಕು.

ತಿದ್ದುವ ಕ್ರಮ

ಎರಡು ದೋಷಗಳನ್ನು ಒಂದೇ ಓದಿನಲ್ಲಿ ತಿದ್ದಲು ಹೊರಟರೆ ಎರಡೂ ಅರ್ಧವಾಗುತ್ತವೆ. ಪದದ ಅರ್ಥ ಬದಲಾದರೆ ಅದರ ಆರ್ಟಿಕಲ್ ಕೂಡ ಬದಲಾಗುವುದರಿಂದ ಹುಸಿಮಿತ್ರ ಪದಗಳನ್ನು ಮೊದಲು ತಿದ್ದಬೇಕು, ಆರ್ಟಿಕಲ್‌ಗಳನ್ನು ಆಮೇಲೆ.

ಹುಸಿಮಿತ್ರ ಪದಕ್ಕೆ ಪರೀಕ್ಷೆ ಹೀಗೆ: ವಾಕ್ಯದಲ್ಲಿರುವ ಯಾವ ಇಂಗ್ಲಿಷ್ ಪದವನ್ನು ಬರೆದವರು ಮನೆಯಲ್ಲಿ, ಬಸ್ಸಿನಲ್ಲಿ ಕನ್ನಡ ಮಾತಿನ ನಡುವೆಯೂ ಬಳಸುತ್ತಾರೋ ಅದನ್ನು ಗುರುತು ಮಾಡಬೇಕು. ಆ ಪದದ ಜಾಗದಲ್ಲಿ ಅವರು ಹೇಳಬೇಕೆಂದಿರುವ ಅರ್ಥವನ್ನು ಅಚ್ಚ ಕನ್ನಡದಲ್ಲಿ ಬರೆದು, ಆ ಕನ್ನಡಕ್ಕೆ ಇಂಗ್ಲಿಷ್ ಹುಡುಕಬೇಕು. ಪುಸ್ತಕದಲ್ಲಿ ಮಾತ್ರ ಕಲಿತ ಪದಗಳು ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಪಾರಾಗುತ್ತವೆ.

ಆರ್ಟಿಕಲ್‌ಗೆ ಪ್ರತಿ ನಾಮಪದದ ಮುಂದೆ ನಿಂತು ಕ್ರಮವಾಗಿ ಕೇಳಬೇಕಾದ ಪ್ರಶ್ನೆಗಳಿವೆ. ಇದು ಹೆಸರೇ? ಹೌದಾದರೆ ಬಳಕೆಯನ್ನು ನೋಡಬೇಕು. ಇಲ್ಲವಾದರೆ, ಇಲ್ಲಿಯವರೆಗೆ ಓದಿದವರಿಗೆ ಇದು ಯಾವುದೆಂದು ಗೊತ್ತಾಗುತ್ತದೆಯೇ? ಗೊತ್ತಾದರೆ ‘ದ’. ಗೊತ್ತಾಗದಿದ್ದರೆ, ಇದನ್ನು ಎಣಿಸಬಹುದೇ, ಒಂದೇ ಇದೆಯೇ? ಎರಡಕ್ಕೂ ಹೌದೆಂದರೆ ಎ ಅಥವಾ ಆ್ಯನ್, ಮುಂದಿನ ಪದದ ಧ್ವನಿಯ ಪ್ರಕಾರ. ಉಳಿದ ಕಡೆ ಏನೂ ಬೇಡ. ‘ಓದಿದವರಿಗೆ’ ಎಂಬ ಮಾತನ್ನು ಬಿಟ್ಟು ‘ನನಗೆ’ ಎಂದು ಕೇಳಿಕೊಂಡರೆ ಕನ್ನಡದ ‘ಅನ್ನು’ ಉತ್ತರ ಕೊಡತೊಡಗುತ್ತದೆ, ತಿದ್ದುಪಡಿ ಹಾಳಾಗುತ್ತದೆ.

ಒಂದು ಮಾದರಿ

ಈ ದೋಷಗಳನ್ನು ಒಟ್ಟಿಗೆ ತೋರಿಸಲು ರಚಿಸಿದ ರೆಫರಲ್ ಪತ್ರದ ಭಾಗ ಇದು:

‘32 ಇಯರ್ ಓಲ್ಡ್ ಮ್ಯಾನ್ ವಾಸ್ ಬ್ರಾಟ್ ವಿತ್ ಫೀವರ್ ಸಿನ್ಸ್ ಫೈವ್ ಡೇಸ್. ಪೇಷಂಟ್ ಹ್ಯಾಸ್ ಗ್ಯಾಸ್ಟ್ರಿಕ್ ಆ್ಯಂಡ್ ಬಿಪಿ. ವಿ ಡೌಟೆಡ್ ಡೆಂಗಿ ಆ್ಯಂಡ್ ಸೆಂಟ್ ಬ್ಲಡ್ ಸ್ಯಾಂಪಲ್. ಪ್ಲೇಟ್‌ಲೆಟ್ ಕೌಂಟ್ ವಾಸ್ ಲೋ. ಫ್ಯೂ ಬ್ಲೀಡಿಂಗ್ ಸ್ಪಾಟ್ಸ್ ವರ್ ಸೀನ್ ಆನ್ ಲೆಗ್ಸ್. ಬ್ಯಾಲೆನ್ಸ್ ರಿಪೋರ್ಟ್ಸ್ ವಿಲ್ ಬಿ ಸೆಂಟ್ ವಿಥಿನ್ ಫ್ರೈಡೇ.’

ಮೊದಲ ಸುತ್ತಿನಲ್ಲಿ ಪದಗಳು. ‘ಡೌಟೆಡ್’ ಇದ್ದಲ್ಲಿ ‘ಸಸ್ಪೆಕ್ಟೆಡ್’, ‘ಬ್ಯಾಲೆನ್ಸ್’ ಇದ್ದಲ್ಲಿ ‘ರಿಮೇನಿಂಗ್’, ‘ವಿಥಿನ್’ ಇದ್ದಲ್ಲಿ ‘ಬೈ’, ‘ಸಿನ್ಸ್’ ಇದ್ದಲ್ಲಿ ‘ಫಾರ್’. ಈ ನಾಲ್ಕನ್ನು ತಿದ್ದುವವರು ತಾವೇ ಬದಲಿಸಬಹುದು. ‘ಬಿಪಿ’ಗೆ ‘ಹೈಪರ್‌ಟೆನ್ಷನ್’ ಎಂದು ಹಾಕುವ ಮೊದಲು ಬರೆದವರನ್ನು ಕೇಳಬೇಕು, ಏಕೆಂದರೆ ಡೆಂಗಿಯಲ್ಲಿ ಒತ್ತಡ ಕುಸಿಯುವುದೂ ಉಂಟು. ‘ಗ್ಯಾಸ್ಟ್ರಿಕ್’ ಅನ್ನು ಊಹೆಯಿಂದ ಬದಲಿಸಲೇಬಾರದು. ಡೆಂಗಿಯಲ್ಲಿ ಹೊಟ್ಟೆನೋವು ಕಾಯಿಲೆ ಬಿಗಡಾಯಿಸುವುದರ ಸೂಚನೆಯಾಗಿರಬಹುದು, ಹಳೆಯ ಹುಳಿತೇಗು ಹಾಗಲ್ಲ. ಯಾವುದೆಂದು ಹೇಳಬಲ್ಲವರು ರೋಗಿಯನ್ನು ನೋಡಿದ ವೈದ್ಯರು ಮಾತ್ರ.

ಎರಡನೆಯ ಸುತ್ತಿನಲ್ಲಿ ಆರ್ಟಿಕಲ್‌ಗಳು. ವ್ಯಕ್ತಿ ಮೊದಲ ಬಾರಿ ಬರುತ್ತಿರುವುದರಿಂದ ‘ಎ 32-ಇಯರ್-ಓಲ್ಡ್ ಮ್ಯಾನ್’. ಎರಡನೆಯ ವಾಕ್ಯದಲ್ಲಿ ಅವನು ಗೊತ್ತಿರುವವನು, ‘ದ ಪೇಷಂಟ್’. ರಕ್ತದ ಮಾದರಿ ಹೊಸದು, ‘ಎ ಬ್ಲಡ್ ಸ್ಯಾಂಪಲ್’. ಪ್ಲೇಟ್‌ಲೆಟ್ ಸಂಖ್ಯೆಯ ಮಾತು ಹಿಂದೆ ಬಂದಿಲ್ಲ, ಆದರೂ ಅದಕ್ಕೆ ‘ದ’ ಬೇಕು. ರಕ್ತ ಪರೀಕ್ಷೆಯ ಮಾತು ಬಂದ ಮೇಲೆ ಆ ಸಂಖ್ಯೆ ಅದರೊಳಗಿಂದಲೇ ಬಂದದ್ದೆಂದು ಓದುವವರಿಗೆ ತಿಳಿಯುತ್ತದೆ. ಕನ್ನಡದವರು ಹೆಚ್ಚು ಬಿಡುವುದು ಈ ಬಗೆಯ ‘ದ’ವನ್ನು. ಕಾಲುಗಳೂ ಆ ರೋಗಿಯವೇ, ‘ದ ಲೆಗ್ಸ್’. ಉಳಿದ ವರದಿಗಳೂ ಅದೇ ಪರೀಕ್ಷೆಯವು, ‘ದ ರಿಮೇನಿಂಗ್ ರಿಪೋರ್ಟ್ಸ್’. ಕೊನೆಗೆ ‘ಫ್ಯೂ’. ಕಲೆಗಳು ಕಂಡವು ಎಂದು ಹೇಳುವುದು ಉದ್ದೇಶವಾದ್ದರಿಂದ ‘ಎ ಫ್ಯೂ ಬ್ಲೀಡಿಂಗ್ ಸ್ಪಾಟ್ಸ್’. ತಿದ್ದದೆ ಬಿಟ್ಟಿದ್ದರೆ ಈ ಪತ್ರದಿಂದ ಓದುವ ವೈದ್ಯರು ತಿಳಿಯುತ್ತಿದ್ದದ್ದು ಎರಡು: ಕಳಿಸಿದವರಿಗೆ ಡೆಂಗಿಯ ನಂಬಿಕೆ ಇಲ್ಲ, ರಕ್ತಸ್ರಾವದ ಕಲೆಗಳು ಲೆಕ್ಕಕ್ಕಿಲ್ಲ. ಬರೆದವರ ಉದ್ದೇಶ ಎರಡೂ ಕಡೆ ಇದಕ್ಕೆ ವಿರುದ್ಧ.

ಕಂಪ್ಯೂಟರ್ ಶೋಧದ ಬಳಕೆ ಮತ್ತು ಮಿತಿ

ಬಹುವಚನದ ದೋಷವೂ ಎ–ಆ್ಯನ್ ದೋಷವೂ ಅಕ್ಷರಗಳ ಮಾದರಿಯಲ್ಲಿ ಸಿಗುವಂಥವು. ಲಿಬ್ರೆಆಫೀಸ್ ರೈಟರ್‌ನ ಹುಡುಕುವ ಕಿಟಕಿಯಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ ಆಯ್ಕೆಯನ್ನು ಆನ್ ಮಾಡಿ ಈ ಸಾಲುಗಳನ್ನು ಒಂದೊಂದಾಗಿ ಹಾಕಿದರೆ ಇಂಥ ಕಡೆಗಳು ಒಟ್ಟಿಗೆ ಕಾಣುತ್ತವೆ:

```
\b(informations|advices|equipments|evidences|softwares)\b
\ba (MBBS|MD|MSc|MTech|LLB|FIR|NGO)\b
\ban (one|university|unit|UPS)\b
\b(doubt|doubted|few|little|balance|gastric)\b
```

ಮೊದಲ ಮೂರು ಸಾಲುಗಳಲ್ಲಿ ಸಿಕ್ಕಿದ್ದು ಸಾಮಾನ್ಯವಾಗಿ ತಪ್ಪೇ. ನಾಲ್ಕನೆಯದರಲ್ಲಿ ಸಿಕ್ಕಿದ್ದನ್ನು ಒಂದೊಂದಾಗಿ ಓದಿ ನೋಡಬೇಕು, ಏಕೆಂದರೆ ಆ ಪದಗಳು ಸರಿಯಾಗಿಯೂ ಬಂದಿರಬಹುದು. ಯಾವ ಸಾಲಿನಲ್ಲೂ ಎಲ್ಲವನ್ನೂ ಒಮ್ಮೆಗೇ ಬದಲಿಸುವ ಗುಂಡಿಯನ್ನು ಒತ್ತಬಾರದು. ಬಿಟ್ಟುಹೋದ ‘ದ’ವನ್ನು ಇಂಥ ಶೋಧ ಹಿಡಿಯಲಾರದು.

ತಿದ್ದಬಾರದ ಕಡೆಗಳು

ಕೇಸ್ ಶೀಟಿನ ಟಿಪ್ಪಣಿ, ನಕ್ಷೆಯ ಮೇಲಿನ ಸೂಚನೆ, ಕೋಷ್ಟಕದ ತಲೆಬರಹ, ಪತ್ರಿಕಾ ಶೀರ್ಷಿಕೆ ಇವುಗಳಲ್ಲಿ ಆರ್ಟಿಕಲ್ ಬಿಡುವುದು ಇಂಗ್ಲಿಷಿನದೇ ಸಂಪ್ರದಾಯ. ಅಲ್ಲಿ ಸೇರಿಸಿದರೆ ಬರಹ ಸುಮ್ಮನೆ ಉದ್ದವಾಗುತ್ತದೆ. ಅದೇ ಟಿಪ್ಪಣಿ ಪೂರ್ಣ ವಾಕ್ಯಗಳ ವರದಿಯಾದಾಗ ಸೇರಿಸಬೇಕು.

ಭಾರತೀಯ ಇಂಗ್ಲಿಷಿನಲ್ಲಿ ನೆಲೆಯಾದ ಬಳಕೆ ಇನ್ನೊಂದು ಕಡೆ. ನಿಹಾಲಾನಿ, ಟಂಗ್ ಮತ್ತು ಹೊಸಾಲಿ 1979ರಲ್ಲಿ ಇಂಥ ಬಳಕೆಗಳ ಕೈಪಿಡಿ ತಂದರು, ಬ್ರಜ್ ಕಚ್ರು 1983ರ ಪುಸ್ತಕದಲ್ಲಿ ಇವನ್ನು ಒಂದು ಪ್ರಭೇದದ ಲಕ್ಷಣವಾಗಿ ವಿವರಿಸಿದರು. ‘ಪ್ರಿಪೋನ್’ ಇಂದು ಆಕ್ಸ್‌ಫರ್ಡ್ ನಿಘಂಟಿನಲ್ಲಿದೆ. ಲಕ್ಷ, ಕೋಟಿಯ ಲೆಕ್ಕ ದೇಶದೊಳಗಿನ ಪತ್ರಕ್ಕೆ ಸರಿ. ಬೆಂಗಳೂರಿನ ಕಚೇರಿಗೆ ಹೋಗುವ ಪತ್ರದಲ್ಲಿ ‘ಸೈಟ್’ ಎಂದರೆ ನಿವೇಶನವೆಂದೇ ತಿಳಿಯುತ್ತದೆ, ಜರ್ಮನಿಗೆ ಹೋಗುವುದಾದರೆ ‘ಪ್ಲಾಟ್’ ಎನ್ನಬೇಕು. ಓದುವವರು ಆ ಪದವನ್ನು ನಂಬಿ ತಪ್ಪು ಕೆಲಸ ಮಾಡುವ ಸಾಧ್ಯತೆ ಇದೆಯೇ ಎಂಬುದೇ ಇಲ್ಲಿ ಸರಿಯಾದ ಅಳತೆ. ಆ ಅಳತೆಯಲ್ಲಿ ‘ಪ್ರಿಪೋನ್’ ಪಾರಾಗುತ್ತದೆ, ‘ಡೌಟ್’ ಪಾರಾಗುವುದಿಲ್ಲ.

ಕಲಿಕೆ ಮತ್ತು ಇಂದಿನ ಸ್ಥಿತಿ

ತಿದ್ದುಪಡಿಯಿಂದ ಬರೆಯುವವರು ಕಲಿಯುತ್ತಾರೆಯೇ ಎಂಬ ಪ್ರಶ್ನೆಯಲ್ಲಿ ಭಾಷಾಬೋಧಕರ ನಡುವೆ ದೀರ್ಘ ಚರ್ಚೆ ನಡೆದಿದೆ. ಜಾನ್ ಟ್ರಸ್ಕಾಟ್ 1996ರಲ್ಲಿ ವ್ಯಾಕರಣ ತಿದ್ದುವುದರಿಂದ ಪ್ರಯೋಜನವಿಲ್ಲ ಎಂದು ವಾದಿಸಿದರು. ಆಮೇಲೆ ಶೀನ್ 2007ರಲ್ಲಿ, ಬಿಚನರ್ 2008ರಲ್ಲಿ ಇಂಗ್ಲಿಷ್ ಆರ್ಟಿಕಲ್‌ಗಳ ಎರಡೇ ಬಳಕೆಗಳನ್ನು ಆರಿಸಿಕೊಂಡು ತಿದ್ದಿ ನೋಡಿದರು: ಮೊದಲ ಉಲ್ಲೇಖಕ್ಕೆ ಎ, ಮುಂದಿನ ಉಲ್ಲೇಖಕ್ಕೆ ದ. ಹೀಗೆ ಒಂದೆರಡು ಅಂಶಕ್ಕೆ ಸೀಮಿತವಾಗಿ ತಿದ್ದಿದಾಗ ನಂತರದ ಬರಹ ಸುಧಾರಿಸಿತು. ಒಂದೇ ಬಗೆಯ ದೋಷಕ್ಕೆ ಹಾಕಿದ ಗುರುತು ಕಲಿಸುತ್ತದೆ ಎಂಬುದಕ್ಕೆ ಇದು ಒಳ್ಳೆಯ ಆಧಾರ.

ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ 1963ರಿಂದ ಬೆಂಗಳೂರಿನಲ್ಲಿದೆ, ಅದರ ಮುಖ್ಯ ಕೆಲಸ ಶಾಲಾ ಶಿಕ್ಷಕರ ತರಬೇತಿ. ವೃತ್ತಿಯಲ್ಲಿರುವವರ ಬರಹ ತಿದ್ದುವ ಹೊಣೆ ರೂಢಿಯಲ್ಲಿ ಬೀಳುವುದು ಹಿರಿಯ ವೈದ್ಯರು, ಮಾರ್ಗದರ್ಶಕ ಪ್ರಾಧ್ಯಾಪಕರು, ಸೀನಿಯರ್ ವಕೀಲರು ಇವರ ಮೇಲೆ. ಇವರಲ್ಲೂ ಬಹಳಷ್ಟು ಮಂದಿ ಕನ್ನಡದವರೇ. ಆರ್ಟಿಕಲ್ ದೋಷದಲ್ಲಿ ಇದು ಅನನುಕೂಲ, ಬಿಟ್ಟುಹೋದ ‘ದ’ ಅವರ ಕಣ್ಣಿಗೂ ಬೀಳುವುದಿಲ್ಲ. ಹುಸಿಮಿತ್ರ ಪದದಲ್ಲಿ ಇದೇ ಅನುಕೂಲ. ‘ವಿ ಡೌಟ್ ಡೆಂಗಿ’ ಎಂಬ ವಾಕ್ಯದಲ್ಲಿ ವ್ಯಾಕರಣದ ತಪ್ಪೂ ಇಲ್ಲ, ಕಾಗುಣಿತದ ತಪ್ಪೂ ಇಲ್ಲ. ಅದರ ಹಿಂದೆ ‘ಡೌಟ್ ಐತಿ’ ಎಂಬ ಮಾತಿದೆ ಎಂದು ಗುರುತಿಸಲು ಆ ಕನ್ನಡ ಗೊತ್ತಿರುವ ಓದುಗರೇ ಬೇಕು.